ಒಂದು ಬೆಟ್ಟದ ಫೋಟೋ, ಒಂದು ನಗುಮುಖ, ನಾಲ್ಕು ಕರಡು

2023ರ ಡಿಸೆಂಬರ್ 10, ಭಾನುವಾರ. ಸಂಜೆ 6 ಗಂಟೆ 40 ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ನನಗೊಂದು ಫೋಟೋ ಬಂತು. ಬೆಟ್ಟಸಾಲು, ಅದರ ಮೇಲೆ ಕಿತ್ತಳೆ ಬಣ್ಣದ ಆಕಾಶ, ಅಂಚಿನಲ್ಲಿ ಸೂರ್ಯ. ಕೆಳಗೆ ಒಂದೇ ಒಂದು ನಗುಮುಖ 🙂. ಊರಿನ ಹೆಸರಿಲ್ಲ, ‘ಹೇಗಿದ್ದೀಯ’ ಎಂಬ ಮಾತಿಲ್ಲ. ಕಳುಹಿಸಿದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು. ವಯಸ್ಸು 74. ಅದಕ್ಕೆ ಎಂಟು ತಿಂಗಳ ಹಿಂದೆ ಅವರ ಮನೆಯವರು ತೀರಿಕೊಂಡಿದ್ದರು. ಆಗ ನಾನು ಹೋಗಲಾಗಿರಲಿಲ್ಲ. ಫೋನಿನಲ್ಲಿ ಎರಡು ಮಾತು ಆಡಿದ್ದೆ, ಅವರು ‘ಆಗಲಪ್ಪ’ ಎಂದು ಇಟ್ಟುಬಿಟ್ಟಿದ್ದರು. ಆಮೇಲೆ ಇಬ್ಬರ ನಡುವೆ ಮಾತಿರಲಿಲ್ಲ.

ಇಷ್ಟಕ್ಕೆ ಉತ್ತರ ಬರೆಯುವುದು ಎಷ್ಟು ಹೊತ್ತಿನ ಕೆಲಸ ಎಂದು ಕೇಳಬಹುದು. ನನಗೆ ಐವತ್ತು ನಿಮಿಷ ಹಿಡಿಯಿತು. ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಅಳಿಸಿದ್ದನ್ನೂ ನೆನಪಿಟ್ಟುಕೊಳ್ಳುವ ಅಭ್ಯಾಸವಿದೆ. ಆ ಐವತ್ತು ನಿಮಿಷದಲ್ಲಿ ಏನೇನು ಬರೆದೆ, ಯಾಕೆ ಅಳಿಸಿದೆ, ಉಳಿದದ್ದು ಏನು ಎಂಬುದನ್ನು ಇಲ್ಲಿ ಬಿಡಿಸಿಡುತ್ತೇನೆ.

ಮೊದಲು ನೋಡಿದ್ದು ಇದು ಅವರದೇ ಫೋಟೋ ಹೌದೇ ಎಂದು. ಬೇರೆಡೆಯಿಂದ ಬಂದದ್ದನ್ನು ಹಾಗೆಯೇ ದಾಟಿಸಿದರೆ ವಾಟ್ಸಾಪ್ ಮೇಲೆ ಬಾಣದ ಗುರುತಿನೊಂದಿಗೆ ‘ಫಾರ್ವರ್ಡ್’ ಎಂದು ತೋರಿಸುತ್ತದೆ. ಕೈಯಿಂದ ಕೈಗೆ ಬಹಳ ಸುತ್ತಿದ್ದರೆ ಎರಡು ಬಾಣ. ಇಲ್ಲಿ ಒಂದೂ ಇರಲಿಲ್ಲ. ಆದರೆ ಅದನ್ನೇ ನಂಬಿ ಕೂರುವಂತಿಲ್ಲ, ಯಾರದೋ ಫೋಟೋವನ್ನು ಉಳಿಸಿಟ್ಟುಕೊಂಡು ಹೊಸದಾಗಿ ಕಳುಹಿಸಿದರೆ ಬಾಣ ಬರುವುದಿಲ್ಲ. ಅದಕ್ಕಿಂತ ಹೆಚ್ಚು ನಂಬಬಹುದಾದದ್ದು ಫೋಟೋದ ಕೊರತೆಗಳು. ದಿಗಂತ ಬಲಕ್ಕೆ ಸ್ವಲ್ಪ ವಾಲಿತ್ತು. ಎಡಗಡೆಯ ಕೆಳಮೂಲೆಯಲ್ಲಿ ಯಾರದೋ ಸ್ವೆಟರಿನ ತೋಳು, ಮಸುಕಾಗಿ. ಗುಡ್ ಮಾರ್ನಿಂಗ್ ಸಂದೇಶಗಳ ಬೆಟ್ಟದಲ್ಲಿ ಸ್ವೆಟರಿನ ತೋಳು ಇರುವುದಿಲ್ಲ. ಯಾರೋ ನಿಜವಾಗಿ ಅಲ್ಲಿ ನಿಂತಿದ್ದರು.

ಯಾರು, ಎಲ್ಲಿ, ಯಾವಾಗ ಎಂಬುದು ಮಾತ್ರ ತಿಳಿಯಲಿಲ್ಲ. ಮೊಬೈಲ್ ಫೋಟೋದೊಳಗೆ ತೆಗೆದ ಸಮಯ, ಸ್ಥಳ ಎಲ್ಲವೂ ಅಡಗಿರುತ್ತದೆ ಎಂದು ಕೆಲವರು ಹುಡುಕುತ್ತಾರೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಬಂದದ್ದರಲ್ಲಿ ಅದು ಉಳಿದಿರುವುದಿಲ್ಲ. ಕಳುಹಿಸುವಾಗಲೇ ಫೋಟೋ ಕುಗ್ಗುತ್ತದೆ, ಜೊತೆಗೆ ಆ ವಿವರಗಳೂ ಉದುರಿಹೋಗುತ್ತವೆ. ನನ್ನ ಮೊಬೈಲಿನಲ್ಲಿ ಕಡತದ ಹೆಸರು `IMG-20231210-WA0004` ಎಂದಿತ್ತು. ಅದರಲ್ಲಿರುವ ದಿನಾಂಕ ನನಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಇದನ್ನು ಗಮನಿಸದೆ ‘ಇವತ್ತು ಬೆಟ್ಟಕ್ಕೆ ಹೋಗಿದ್ದಿರಾ’ ಎಂದು ಬರೆದು ಪೆಚ್ಚಾದವರನ್ನು ಬಲ್ಲೆ.

ಉಳಿದದ್ದು ಚಿತ್ರ ಮಾತ್ರ. ಅದನ್ನು ದೊಡ್ಡದು ಮಾಡಿ ನೋಡಿದೆ. ಮುಂದಿನ ಬೆಟ್ಟದ ಮೈ ಬಹುಪಾಲು ಹುಲ್ಲು, ಡಿಸೆಂಬರಿನಲ್ಲಿ ಒಣಗುತ್ತ ಬಂದ ಹುಲ್ಲಿನ ಬಣ್ಣ. ಎರಡು ಬೆಟ್ಟ ಕೂಡುವ ಮಡಿಲಿನಲ್ಲಿ ಮಾತ್ರ ಕಪ್ಪಗೆ ಕಾಡು. ಪಶ್ಚಿಮಘಟ್ಟದ ಎತ್ತರದ ಜಾಗ ಎನ್ನಲು ಇಷ್ಟು ಸಾಕು, ಹುಲ್ಲಿನ ನೆತ್ತಿ ಮತ್ತು ಕಣಿವೆಯಲ್ಲಿ ಅವಿತ ಶೋಲಾ ಕಾಡು ಅಲ್ಲಿನ ಗುರುತು. ಆದರೆ ಕುದುರೆಮುಖ, ಕೊಡಚಾದ್ರಿ, ಬಾಬಾಬುಡನ್‌ಗಿರಿ, ಕೊಡಗಿನ ತಡಿಯಂಡಮೋಳ್ ಎಲ್ಲವೂ ಹೀಗೆಯೇ. ಮುಂದಿನ ಬೆಟ್ಟದ ಹಿಂದೆ ಇನ್ನೊಂದು ಸಾಲು, ಸ್ವಲ್ಪ ನೀಲಿ. ಅದರ ಹಿಂದೆ ಇನ್ನೊಂದು, ಇನ್ನಷ್ಟು ತಿಳಿ. ಕೊನೆಯದು ಆಕಾಶವೋ ಬೆಟ್ಟವೋ ಹೇಳಲಾಗದಷ್ಟು ಮಸುಕು. ನಮಗೂ ಬೆಟ್ಟಕ್ಕೂ ನಡುವೆ ಗಾಳಿ ಹೆಚ್ಚಿದಷ್ಟೂ ಅದು ಚದುರಿಸುವ ಬೆಳಕು ಬೆಟ್ಟದ ಕಪ್ಪನ್ನು ತೊಳೆದು ನೀಲಿಗೆ ತಿರುಗಿಸುತ್ತದೆ. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಗೆ ಇದೂ ಒಂದು ಕಾರಣ. ನಾನು ಎಣಿಸಿದಾಗ ಐದು ಸಾಲು ಸಿಕ್ಕಿತು.

ಸೂರ್ಯ ಮಾತ್ರ ಒಂದು ಮೆಂತ್ಯದ ಕಾಳಿನಷ್ಟಿದ್ದ. ಇದೊಂದು ಸಂಗತಿ ಉತ್ತರ ಬರೆಯುವವನಿಗೆ ಗೊತ್ತಿರಬೇಕು. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. ತೋಳು ಚಾಚಿ ಕಿರುಬೆರಳು ಹಿಡಿದರೆ ಅದರ ಅರ್ಧ ಭಾಗದಲ್ಲಿಯೇ ಸೂರ್ಯ ಮರೆಯಾಗುತ್ತಾನೆ. ಮೊಬೈಲಿನ ಮಾಮೂಲಿ ಕ್ಯಾಮೆರಾ ಅಡ್ಡಡ್ಡಲಾಗಿ ಸುಮಾರು 70 ಡಿಗ್ರಿಯಷ್ಟು ಅಗಲ ನೋಡುತ್ತದೆ. ಹಾಗಾಗಿ ಚಿತ್ರದಲ್ಲಿ ಸೂರ್ಯನಿಗೆ ಸಿಗುವುದು ಅಗಲದ ನೂರರಲ್ಲೊಂದು ಪಾಲಿಗಿಂತ ಕಡಿಮೆ. ದಿಗಂತದ ಹತ್ತಿರ ಅದೇ ಸೂರ್ಯ ನಮ್ಮ ಕಣ್ಣಿಗೆ ದೊಡ್ಡ ತಟ್ಟೆಯಂತೆ ತೋರುತ್ತಾನೆ, ಅದು ಮನಸ್ಸಿನ ಆಟ, ಕ್ಯಾಮೆರಾಗೆ ಮನಸ್ಸಿಲ್ಲ. ಹೀಗಾಗಿ ಇಂತಹ ಫೋಟೋ ಕಳುಹಿಸುವವರು ಬಹುತೇಕ ಎಲ್ಲರೂ ಒಳಗೊಳಗೆ ಪೇಚಾಡುತ್ತಿರುತ್ತಾರೆ: ನೋಡಿದ್ದು ಬೇರೆ, ಬಂದದ್ದು ಬೇರೆ. ಮಾತಿನ ಬದಲು ನಗುಮುಖ ಬರುವುದಕ್ಕೆ ಅರ್ಧ ಕಾರಣ ಈ ಪೇಚೇ ಇರಬಹುದು. ‘ಎಷ್ಟು ದೊಡ್ಡ ಸೂರ್ಯ!’ ಎಂದು ಹೊಗಳಿದರೆ ಅವರಿಗೆ ಸುಳ್ಳು ತಟ್ಟನೆ ಗೊತ್ತಾಗುತ್ತದೆ. ಫೋಟೋದಲ್ಲಿ ನಿಜವಾಗಿ ಉಳಿದುಬಂದದ್ದು ಬೆಟ್ಟಗಳ ಸಾಲು. ಹೇಳುವುದಿದ್ದರೆ ಅದನ್ನೇ ಹೇಳಬೇಕು.

ಇನ್ನು ಆ ನಗುಮುಖ. ಕೆನ್ನೆ ಕೆಂಪಾದ 😊 ಬೇರೆ, ತುಟಿ ಮಾತ್ರ ಅಗಲವಾದ ಈ 🙂 ಬೇರೆ. ನನ್ನ ಅಕ್ಕನ ಮಗಳ ವಯಸ್ಸಿನವರು ಎರಡನೆಯದನ್ನು ವ್ಯಂಗ್ಯಕ್ಕೆ, ಒಳಗಿನ ಸಿಟ್ಟಿಗೆ ಬಳಸುತ್ತಾರೆ. ಅವಳಿಗೆ ಫೋಟೋ ತೋರಿಸಿದಾಗ ‘ನಿಮ್ಮ ಮೇಷ್ಟ್ರು ಮುನಿಸಿಕೊಂಡಿದ್ದಾರೆಯೇ?’ ಎಂದು ಕೇಳಿದಳು. ಎಪ್ಪತ್ತು ದಾಟಿದವರ ಕೈಯಲ್ಲಿ ಅದು ಬರಿಯ ನಗು, ಪಟ್ಟಿಯಲ್ಲಿ ಮೊದಲು ಸಿಕ್ಕಿದ ನಗು. ಕಳುಹಿಸಿದವರ ವಯಸ್ಸು ನೋಡಿ ಓದಬೇಕಾದ ಅಕ್ಷರ ಇದು.

ಅದರ ಅರ್ಥ ನನಗೆ ಹೊಳೆದದ್ದು ಹಳೆಯ ಕಾಗದಗಳ ನೆನಪಿನಿಂದ. ನಮ್ಮ ಮನೆಗೆ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರಗಳೆಲ್ಲ ಶುರುವಾಗುತ್ತಿದ್ದುದು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು. ಬರೆಯುವುದಕ್ಕೆ ಸಮಯವಿಲ್ಲದವರು ಅದನ್ನೂ ಚಿಕ್ಕದು ಮಾಡಿ ‘ಉ. ಕು. ಸಾಂ.’ ಎನ್ನುತ್ತಿದ್ದರು. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇವೆ, ಮುಂದಿನ ವಿಷಯ ಏನೆಂದರೆ ಎನ್ನುವ ಪೀಠಿಕೆ. ಮೇಷ್ಟ್ರು ಪೀಠಿಕೆಯನ್ನಷ್ಟೇ ಕಳುಹಿಸಿದ್ದರು, ಮುಂದಿನ ವಿಷಯ ಬರೆದಿರಲಿಲ್ಲ. ಅಂದ ಮೇಲೆ ನನ್ನಿಂದ ಹೋಗಬೇಕಾದದ್ದೂ ಪೀಠಿಕೆಯ ಅಳತೆಯದು: ಸಿಕ್ಕಿತು, ನೋಡಿದೆ, ನಾನೂ ಚೆನ್ನಾಗಿದ್ದೇನೆ. ಬರೆಯದೆ ಬಿಟ್ಟ ವಿಷಯವನ್ನು ನಾನು ಊಹಿಸಿ ಅದಕ್ಕೆ ಉತ್ತರ ಕೊಡುವ ಹಾಗಿಲ್ಲ.

ಇಷ್ಟೆಲ್ಲ ಆಮೇಲೆ ಹೊಳೆದದ್ದು. ಮೊದಲು ಬೆರಳು ಬರೆದ ಕರಡು ಹೀಗಿತ್ತು: ‘ಸೂಪರ್ ಸರ್! ಯಾವ ಜಾಗ ಇದು? ಯಾವಾಗ ಹೋಗಿದ್ದಿರಿ? ಯಾರ್ಯಾರು ಹೋಗಿದ್ದಿರಿ?’ ಅಕ್ಕರೆಯೇ. ಆದರೆ ಮೂರು ಪ್ರಶ್ನೆ. ಮೇಷ್ಟ್ರು ತೋರುಬೆರಳೊಂದರಲ್ಲೇ ಅಕ್ಷರ ಹುಡುಕಿ ಒತ್ತುವವರು. ಒತ್ತಕ್ಷರ ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಒಂದು ನಗು ಕಳುಹಿಸಿದ ತಪ್ಪಿಗೆ ಅವರಿಗೇ ಪ್ರಶ್ನೆಪತ್ರಿಕೆ ಕೊಟ್ಟ ಹಾಗಾಗುತ್ತಿತ್ತು. ಮೂರನೆಯ ಪ್ರಶ್ನೆಯಂತೂ ಇನ್ನೂ ಕೆಟ್ಟದ್ದು. ಯಾರ್ಯಾರು ಎಂದು ಕೇಳಿದ ಕೂಡಲೇ ಯಾರಿಲ್ಲ ಎಂಬುದು ಎದುರಿಗೆ ಬಂದು ನಿಲ್ಲುತ್ತದೆ.

ಎರಡನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ‘ಮುಳುಗುವ ಸೂರ್ಯನಿಗೂ ಎಂತಹ ಸೊಬಗು ಮೇಷ್ಟ್ರೇ, ಬದುಕಿನ ಮುಸ್ಸಂಜೆಯೂ ಹೀಗೆಯೇ ಇರಲಿ.’ ಕರಡು ತಿದ್ದುವವನ ಕೈಗೆ ಇಂತಹ ಸಾಲು ತಾನಾಗಿ ಬಂದುಬಿಡುತ್ತದೆ. 74 ವರ್ಷದ ಮನುಷ್ಯನಿಗೆ ‘ನಿಮ್ಮದು ಸಂಜೆಯಾಯಿತು’ ಎಂದು ಹೇಳಿ, ಅದನ್ನು ಹಾರೈಕೆ ಎಂದು ಕರೆಯುವುದು! ಸೂರ್ಯಾಸ್ತ ಕಂಡಲ್ಲೆಲ್ಲ ಬದುಕನ್ನು ತಂದು ಅಂಟಿಸುವ ಚಟ ನಮ್ಮ ಕನ್ನಡದ ಶುಭಾಶಯಗಳಿಗೆ ಬಲವಾಗಿ ಹತ್ತಿದೆ. ಅವರು ಕಳುಹಿಸಿದ್ದು ಬೆಟ್ಟ, ಉಪಮೆಯಲ್ಲ.

ಮೂರನೆಯದರಲ್ಲಿ ಎಂಟು ತಿಂಗಳ ಸಾಲ ತೀರಿಸಲು ಹೊರಟೆ. ‘ಅಮ್ಮ ಹೋದಾಗ ಬರಲಾಗಲಿಲ್ಲ, ಆ ಕೊರಗು ಇನ್ನೂ ಇದೆ’ ಎಂದು ಶುರುಮಾಡಿ ಆರು ಸಾಲು ಬರೆದೆ. ಸುಳ್ಳು ಒಂದೂ ಇರಲಿಲ್ಲ. ಆದರೂ ಅದು ನನ್ನ ಎದೆ ಹಗುರ ಮಾಡಿಕೊಳ್ಳುವ ಕಾಗದವಾಗಿತ್ತು. ಅವರು ನಗು ಹಿಡಿದು ಬಾಗಿಲಿಗೆ ಬಂದಿದ್ದಾರೆ, ನಾನು ಒಳಗೆ ಕರೆಯುವ ಮೊದಲೇ ಅವರ ಹೆಗಲ ಮೇಲೆ ನನ್ನ ಅಳು ಹೊರಿಸುತ್ತಿದ್ದೇನೆ. ಆ ಮಾತಿಗೆ ಮುಖ ನೋಡಿಕೊಂಡು ಕೂರುವ ದಿನವೊಂದು ಬೇರೆ ಬೇಕು.

ನಾಲ್ಕನೆಯದು ಮೇಲುನೋಟಕ್ಕೆ ನಿರಪಾಯಕಾರಿ, ಹತ್ತರಲ್ಲಿ ಒಂಬತ್ತು ಮಂದಿ ಕಳುಹಿಸುವಂಥದ್ದು: ‘ಸೂರ್ಯಾಸ್ತ ತುಂಬಾ ಚೆನ್ನಾಗಿದೆ ಸರ್. ಎಷ್ಟು ಚೆನ್ನಾಗಿ ಫೋಟೋ ತೆಗೆಯುತ್ತೀರಿ ನೀವು!’ ಕಳುಹಿಸುವ ಗುಂಡಿಯ ಮೇಲೆ ಬೆರಳಿತ್ತು. ತಡೆದದ್ದು ಕಣಿವೆಯಲ್ಲಿದ್ದ ಬಿಳಿ. ಬೆಟ್ಟಗಳ ನಡುವೆ ತಗ್ಗಿನಲ್ಲಿ ಹಾಲು ಚೆಲ್ಲಿದಂತೆ ಮಂಜು ನಿಂತಿತ್ತು. ಚಳಿಗಾಲದ ಮೋಡವಿಲ್ಲದ ರಾತ್ರಿಯಲ್ಲಿ ನೆಲ ತಣ್ಣಗಾಗಿ, ತಂಪುಗಾಳಿ ಭಾರವಾಗಿ ಕಣಿವೆಗೆ ಇಳಿದು, ಅಲ್ಲಿನ ತೇವ ಮಂಜಾಗಿ ತುಂಬಿಕೊಳ್ಳುತ್ತದೆ. ಬಿಸಿಲು ಏರಿದಂತೆ ಕರಗುತ್ತದೆ. ಡಿಸೆಂಬರಿನ ಸಂಜೆ ಆರಕ್ಕೆ ಕಣಿವೆಯ ತಳದಲ್ಲಿ ಹೀಗೆ ಸಮತಟ್ಟಾಗಿ ಮಂಜು ನಿಲ್ಲುವುದು ಅಪರೂಪ, ಸಂಜೆಗೆ ಸಾಮಾನ್ಯವಾಗಿ ಇರುವುದು ದೂಳು ಬೆರೆತ ಕಂದು ಮಬ್ಬು. ಹಾಗಾದರೆ ಇದು ಬೆಳಗೋ? ಖಚಿತವಾಗಿ ಹೇಳುವಂತಿರಲಿಲ್ಲ, ಮಲೆನಾಡಿನ ಮಂಜು ಗಡಿಯಾರ ನೋಡಿ ಬರುವುದಿಲ್ಲ. ದಿಕ್ಕು ಗೊತ್ತಿಲ್ಲದಿದ್ದರೆ ಬಣ್ಣವೊಂದರಿಂದ ಹುಟ್ಟುವ ಸೂರ್ಯನನ್ನೂ ಮುಳುಗುವ ಸೂರ್ಯನನ್ನೂ ಬೇರೆ ಮಾಡಲಾಗದು. ಎರಡು ಹೊತ್ತಿನಲ್ಲೂ ಬೆಳಕು ಓರೆಯಾಗಿ ಬಹಳ ಗಾಳಿಯನ್ನು ಹಾದು ಬರುತ್ತದೆ, ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಸಂಜೆ ಬಂದ ಫೋಟೋ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಸೂರ್ಯಾಸ್ತ ಎಂದುಕೊಂಡಿದ್ದೆ.

ಸ್ವೆಟರಿನ ತೋಳೂ ಅದೇ ಮಾತು ಹೇಳಿತು. ಆ ತೋಳು ಯಾರದು? ಫೋಟೋ ತೆಗೆದವರು ಯಾರು? ‘ನೀವು ತೆಗೆದ’ ಎನ್ನುವುದೂ ಊಹೆಯೇ.

ಆಮೇಲೆ ಕಳುಹಿಸಿದ್ದು ಇದು:

‘ನಮಸ್ಕಾರ ಮೇಷ್ಟ್ರೇ. ಫೋಟೋ ಬಹಳ ಹೊತ್ತು ನೋಡಿದೆ. ಬೆಟ್ಟಗಳು ಒಂದರ ಹಿಂದೊಂದು ತೆಳುವಾಗುತ್ತ ಹೋಗಿ ಕೊನೆಯದು ಆಕಾಶದಲ್ಲೇ ಸೇರಿಹೋಗಿದೆ. ಕಣ್ಣು ತಂಪಾಯಿತು. ನಿಮ್ಮಿಂದ ಬಂದದ್ದಕ್ಕೆ ಇನ್ನೂ ಸಂತೋಷ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. 😊’

ಇದರಲ್ಲಿ ಬೆಳಗು, ಸಂಜೆ, ಊರು, ತೆಗೆದವರು, ಜೊತೆಗಿದ್ದವರು ಯಾವುದೂ ಇಲ್ಲ. ಹಾಗಿದ್ದೂ ಯಾವ ಫೋಟೋಗಾದರೂ ಒಪ್ಪುವ ಉತ್ತರವಲ್ಲ. ಬೆಟ್ಟದ ಸಾಲಿನ ಮಾತು ಈ ಫೋಟೋ ತೆರೆದು ನೋಡಿದವನು ಮಾತ್ರ ಬರೆಯಬಲ್ಲದ್ದು. ‘ಬಹಳ ಹೊತ್ತು ನೋಡಿದೆ’ ಎಂದದ್ದು ನಿಜವಾದ್ದರಿಂದ ಬರೆದೆ. ನೋಡದೆ ಹಾಗೆ ಬರೆಯುವವರಿಗೆ ಮುಂದಿನ ಸಾಲಿನಲ್ಲಿ ಬರೆಯಲು ಏನೂ ಸಿಗುವುದಿಲ್ಲ, ಅಲ್ಲೇ ಬಣ್ಣ ಬಯಲಾಗುತ್ತದೆ.

ಬಿಟ್ಟ ಒಂದು ಪದದ ಬಗ್ಗೆ ಹೇಳಬೇಕು. ಕೊನೆಗೆ ‘ಧನ್ಯವಾದಗಳು’ ಎಂದು ಬರೆದು ತೆಗೆದೆ. ಸಭೆಯಲ್ಲಿ, ಬ್ಯಾಂಕಿನ ಪತ್ರದಲ್ಲಿ ಅದು ಸರಿ. ಹತ್ತಿರದವರಿಗೆ ನಾವು ಧನ್ಯವಾದ ಹೇಳುವವರಲ್ಲ, ಹೇಳಿದರೆ ಲೆಕ್ಕ ಚುಕ್ತಾ ಮಾಡಿದ ಹಾಗೆ ಕೇಳಿಸುತ್ತದೆ. ‘ಸಂತೋಷವಾಯಿತು’ ಎಂದರೆ ಲೆಕ್ಕ ತೆರೆದೇ ಇರುತ್ತದೆ. ಹಾಗೆಯೇ ‘ಆರೋಗ್ಯ ಹೇಗಿದೆ?’ ಎಂಬುದನ್ನೂ ಕೈಬಿಟ್ಟೆ. ಬದಲಿಗೆ ನಾವು ಚೆನ್ನಾಗಿದ್ದೇವೆ ಎಂದು ಹೇಳಿದರೆ, ಅವರಿಗೆ ಮನಸ್ಸಿದ್ದರೆ ತಮ್ಮದನ್ನು ಹೇಳುತ್ತಾರೆ, ಇಲ್ಲದಿದ್ದರೆ ಸುಮ್ಮನಿರಬಹುದು. ಸುಮ್ಮನಿದ್ದರೂ ಉತ್ತರ ಬಾಕಿ ಉಳಿಯುವುದಿಲ್ಲ. ಬರಿಯ ಹೆಬ್ಬೆರಳಿನ ಗುರುತು ಒತ್ತಿ ಮುಗಿಸಬಹುದಿತ್ತಲ್ಲ ಎಂದರೆ, ಹಿರಿಯರಿಗೆ ಅದು ಹಾಜರಿ ಪುಸ್ತಕದ ಗುರುತಿನ ಹಾಗೆ ಕಾಣುತ್ತದೆ. ನೀಲಿ ಟಿಕ್ ತೋರಿಸಿ ಸುಮ್ಮನಾಗುವುದು ಇನ್ನೂ ಕೆಡುಕು.

ಈ ಅಳತೆ ಎಲ್ಲ ಕಡೆ ಹೊಂದುವುದಿಲ್ಲ. ಮೂವತ್ತು ಜನರ ಗುಂಪಿಗೆ ಬಂದ ಫೋಟೋಗೆ ಇಷ್ಟುದ್ದ ಬರೆದರೆ ಕಳುಹಿಸಿದವರಿಗೇ ಮುಜುಗರ, ಅಲ್ಲಿ ಒಂದು ಸಾಲು ಧಾರಾಳ. ಹಿಂದಿನ ದಿನಗಳಲ್ಲಿ ‘ಸಾಕಾಗಿದೆ’, ‘ಇದ್ದು ಏನು ಮಾಡಲಿ’ ಎಂಬಂತಹ ಮಾತುಗಳನ್ನು ಆಡಿದವರಿಂದ ಇದ್ದಕ್ಕಿದ್ದಂತೆ ಬೆಟ್ಟದ ತುದಿಯ ಫೋಟೋ, ಜೊತೆಗೊಂದು ನಗು ಬಂದರೆ ಬರೆಯುತ್ತ ಕೂರಬಾರದು. ಕೂಡಲೇ ಫೋನ್ ಮಾಡಬೇಕು, ಎಲ್ಲಿದ್ದೀರಿ ಎಂದು ನೇರವಾಗಿ ಕೇಳಬೇಕು, ಹತ್ತಿರದಲ್ಲಿರುವವರನ್ನು ಕಳುಹಿಸಬೇಕು. ಮೇಷ್ಟ್ರ ವಿಷಯದಲ್ಲಿ ಆ ಅನುಮಾನಕ್ಕೆ ಎಡೆಯಿರಲಿಲ್ಲ. ಮೂರು ದಿನದ ಹಿಂದೆಯಷ್ಟೇ ಅವರು ಸಹಪಾಠಿಯೊಬ್ಬನಿಗೆ ಫೋನ್ ಮಾಡಿ ಕಾಫಿ ಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕೆಂದು ಜಗಳವಾಡಿದ್ದರೆಂದು ಗೊತ್ತಿತ್ತು.

ಆ ರಾತ್ರಿ ಉತ್ತರ ಬರಲಿಲ್ಲ. ಟಿಕ್ ನೀಲಿಯಾಯಿತು, ಅಷ್ಟೇ. ಮಾರನೆಯ ದಿನ ಬೆಳಿಗ್ಗೆ ಧ್ವನಿ ಸಂದೇಶ ಬಂತು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಪಾಠ ಶುರುಮಾಡುವ ಅದೇ ದನಿ.

‘ಅದು ಮುಳ್ಳಯ್ಯನಗಿರಿಯ ಮೇಲಿನಿಂದ ತೆಗೆದದ್ದು ಕಣಪ್ಪ. ನಾನು ತೆಗೆದದ್ದಲ್ಲ, ಮೊಮ್ಮಗ ತೆಗೆದ. ನಾನು ಕೆಳಗೆ ಸೀತಾಳಯ್ಯನಗಿರಿ ದೇವಸ್ಥಾನದ ಹತ್ತಿರವೇ ಕೂತಿದ್ದೆ, ಮಂಡಿ ಬಿಡಲಿಲ್ಲ. ಶನಿವಾರ ಬೆಳಗಿನ ಜಾವ ಅವನು ಮೆಟ್ಟಿಲು ಹತ್ತಿದ, ಸೂರ್ಯ ಹುಟ್ಟುವುದನ್ನು ನೋಡಿ ಬಂದು ತೋರಿಸಿದ. ಎಲ್ಲರಿಗೂ ಕಳುಹಿಸಿದೆ. ಎಲ್ಲರೂ ಸೂರ್ಯಾಸ್ತ ಚೆನ್ನಾಗಿದೆ, ಸೂರ್ಯಾಸ್ತ ಚೆನ್ನಾಗಿದೆ ಎಂದರು. ಒಬ್ಬನಂತೂ ಈ ವಯಸ್ಸಿನಲ್ಲಿ ಬೆಟ್ಟ ಹತ್ತಿದಿರಲ್ಲ ಎಂದು ಕೈಮುಗಿದ. ಹತ್ತಿಲ್ಲ ಎಂದು ಹೇಳುವುದಕ್ಕೆ ನಾಚಿಕೆಯಾಗಿ ಸುಮ್ಮನಿದ್ದೆ.’

ಸ್ವಲ್ಪ ತಡೆದು ಮತ್ತೆ: ‘ಅದಿರಲಿ. ಬೆಟ್ಟ ಒಂದರ ಹಿಂದೊಂದು ಎಂದು ಬರೆದಿದ್ದೀಯಲ್ಲ, ಎಷ್ಟು ಸಾಲು ಎಣಿಸಿದೆ?’

ಐದು ಎಂದು ಬರೆದೆ. ಹತ್ತು ನಿಮಿಷದ ನಂತರ ಅದೇ ಫೋಟೋ ಮತ್ತೆ ಬಂತು, ಈ ಸಲ ಮೊಮ್ಮಗನ ಕೈಯಿಂದ ಹೆಚ್ಚಿನ ಗುಣಮಟ್ಟದಲ್ಲಿ, ಮೂಲೆಯಲ್ಲಿ `HD` ಗುರುತಿನೊಂದಿಗೆ. ಮೊದಲ ಸಲ ಕುಗ್ಗಿದಾಗ ಕೊನೆಯ ಸಾಲಿನ ತೆಳು ಗೆರೆ ಆಕಾಶದ ಬಣ್ಣದಲ್ಲಿ ಕಲಸಿಹೋಗಿತ್ತು. ಈಗ ಎಳೆದು ದೊಡ್ಡದು ಮಾಡಿದರೆ, ಐದನೆಯ ಸಾಲಿನ ಮೇಲೆ ಸೂಜಿಯಲ್ಲಿ ಗೀಚಿದ ಹಾಗೆ ಇನ್ನೊಂದು ಬೆಟ್ಟದ ಬೆನ್ನು ಕಾಣುತ್ತಿತ್ತು. ಅದರ ಕೆಳಗೆ ಮೇಷ್ಟ್ರು ಕೈಯಾರೆ ಒತ್ತಿದ ಎರಡು ಅಕ್ಷರ, ಒಂದು ನಗು:

‘ಆರು 🙂’